ನಮ್ಮ ಮೇಸ್ತ್ರಿಗೆ ಬರೆದುಕೊಟ್ಟ ಕಾಗದ

ಭಾಗ 1

ಮೊದಲನೇ ಫೋಟೋದಲ್ಲಿ ಇರೋದು ಒಂದು ಕಾಗದ, ಪಕ್ಕದಲ್ಲಿ ಅಮ್ಮನ ಕಾಫಿ ಲೋಟ. ಹೆಸರು, ನಂಬರ್ ಇರೋ ಕಡೆ ಬೆರಳು ಅಡ್ಡ ಇಟ್ಟಿದೀನಿ. ಮೇಸ್ತ್ರಿಯವರನ್ನ ಕೇಳದೆ ಇಲ್ಲಿ ಹಾಕೋದು ಸರಿಯಲ್ಲ.

2022ರ ಏಪ್ರಿಲ್‌ನಲ್ಲಿ ಮೈಸೂರಿನ ನಮ್ಮನೆ ತಾರಸಿ ರಿಪೇರಿ ಮಾಡಿದ ಮೇಸ್ತ್ರಿ ಇವರು. ಆಮೇಲೆ ಯುಗಾದಿಗೋ ದಸರಾಕ್ಕೋ ಒಂದು ಫೋನ್, ಅಷ್ಟೇ. ಹೋದ ಭಾನುವಾರ ಬೆಳಿಗ್ಗೆ ಗೇಟ್ ಶಬ್ದ ಆಯ್ತು. ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ನಿಂತಿದಾರೆ. ಮಗಳ ಮದುವೆ ಕರೆಯೋಕೆ ಬಂದಿರಬೇಕು ಅಂತ ಅಮ್ಮ ಒಳಗಿಂದ ಅರಿಶಿನ ಕುಂಕುಮದ ಬಟ್ಟಲೇ ತಂದುಬಿಟ್ಟರು.

"ಮದುವೆ ಅಲ್ಲ ಅಮ್ಮಾವ್ರೆ. ಒಂದು ಕಾಗದ ಬೇಕಿತ್ತು, ಅಕ್ಕನ ಹತ್ರ."

ವಿಷಯ ಏನಂದ್ರೆ, ಒಂದು ಅಪಾರ್ಟ್‌ಮೆಂಟಿನವರು ತಾರಸಿ ಕೆಲಸಕ್ಕೆ ಇವರನ್ನ ಕರೆದಿದ್ದಾರೆ. ಇಪ್ಪತ್ತನಾಲ್ಕು ಮನೆ, ದೊಡ್ಡ ಕೆಲಸ. ಆದ್ರೆ ಕಮಿಟಿಯವರು ಹಳೇ ಗಿರಾಕಿಗಳ ಹತ್ರ ಬರೆಸಿಕೊಂಡು ಬನ್ನಿ ಅಂದಿದ್ದಾರೆ. ಇವರ ಹತ್ರ ಕಂಪನಿ ಹೆಸರಿಲ್ಲ, ವಿಸಿಟಿಂಗ್ ಕಾರ್ಡ್ ಇಲ್ಲ. ಇಪ್ಪತ್ತೆರಡು ವರ್ಷ ಬಾಯಿ ಮಾತಲ್ಲೇ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದವರು.

ನಾನು ಐದೇ ನಿಮಿಷದಲ್ಲಿ ಬರೆದೆ. "ಇವರು ಪ್ರಾಮಾಣಿಕರು, ಶ್ರಮಜೀವಿಗಳು, ಇವರ ಕೆಲಸ ಅತ್ಯುತ್ತಮವಾಗಿದೆ, ಇವರಿಗೆ ಶುಭವಾಗಲಿ." ಕೆಳಗೆ ಸಹಿ.

ಮೇಸ್ತ್ರಿ ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಓದಿದ್ರು. "ಚೆನ್ನಾಗೈತೆ ಅಕ್ಕ" ಅಂದ್ರು. ಕಾಗದ ಮಡಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ತಪ್ಪು ತಿಳ್ಕೋಬೇಡಿ, ಇದು ಯಾರಿಗ್ ಬೇಕಾದ್ರೂ ಆಯ್ತದೆ ಅಲ್ವಾ? ನಿಮ್ ಹತ್ರ ಅಡ್ವಾನ್ಸ್ ಇಸ್ಕೊಂಡು ಓಡೋದ್ನಲ್ಲ, ಅವನ್ ಹೆಸರು ಹಾಕಿದ್ರೂ ಆಯ್ತದೆ" ಅಂದ್ರು.

ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಭಾಗ 2

ಆ ಓಡಿಹೋದವನ ಕಥೆ ಚಿಕ್ಕದಾಗಿ ಹೇಳ್ಬಿಡ್ತೀನಿ.

ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಆ ಮನೆಯಲ್ಲಿ. ನಾನು ಬೆಂಗಳೂರಲ್ಲಿ. ಮಳೆಗಾಲದಲ್ಲಿ ಅಮ್ಮನ ರೂಮಿನ ಫ್ಯಾನ್ ಬುಡದಿಂದ ಹನಿ ಹನಿ ನೀರು. ಮೊದಲು ಬಂದವರು ತಾರಸಿ ತುಂಬಾ ಬಿಳೀ ಪೇಂಟ್ ಬಳಿದು ಹೋದರು. ಒಂದು ಮಳೆಗಾಲ ತಡೀತು. ಎರಡನೇ ವರ್ಷ ಅದು ಹಪ್ಪಳದ ಥರ ಎದ್ದು ಬಂತು. ಆಮೇಲೆ ಬಂದವನು ಗ್ಯಾರಂಟಿ ಹತ್ತು ವರ್ಷ ಅಂದ. ಸಾಮಾನು ತರ್ತೀನಿ ಅಂತ ನಲವತ್ತು ಸಾವಿರ ತಗೊಂಡ. ಎರಡು ಮೂಟೆ ಸಿಮೆಂಟ್ ಇಳಿಸಿದ. ಆಮೇಲೆ ಫೋನ್ ಸ್ವಿಚ್ ಆಫ್. ಅವನನ್ನ ನಾವು ಕರೆದಿದ್ದು ಯಾಕೆ ಗೊತ್ತಾ? ಪರಿಚಯದವರೊಬ್ಬರು "ತುಂಬಾ ಒಳ್ಳೆಯವನು, ಅತ್ಯುತ್ತಮ ಕೆಲಸ" ಅಂದಿದ್ರು. ಅವರ ಮನೇಲಿ ಅವನು ಮಾಡಿದ್ದು ಕಾಂಪೌಂಡಿಗೆ ಬಣ್ಣ. ಅದನ್ನ ಅವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಅಂಥದ್ದೇ ಮಾತನ್ನ ಈಗ ನಾನು ಬರೆದು ಸಹಿ ಹಾಕಿದ್ದೆ.

ಮೇಸ್ತ್ರಿಗೆ ಇನ್ನೊಂದು ಕಾಫಿ ಕೊಡಿ ಅಂತ ಅಮ್ಮನಿಗೆ ಹೇಳಿ, ಹಳೇ ಲೆಕ್ಕದ ಪುಸ್ತಕ ಹುಡುಕಿ ತಂದೆ. ಮತ್ತೆ ಬರೆಯೋಕೆ ಕೂತಾಗ ಒಂದೇ ಯೋಚನೆ. ಓದುವವರು ನನ್ನನ್ನ ನೋಡಿಲ್ಲ, ನನ್ನ ಮಾತು ನಂಬೋಕೆ ಅವರಿಗೆ ಕಾರಣ ಇಲ್ಲ. ಹಂಗಾಗಿ ಅವರೇ ಹೋಗಿ ನೋಡಬಹುದಾದ, ಕೇಳಬಹುದಾದ ವಿಷಯಗಳನ್ನಷ್ಟೇ ಬರೀಬೇಕು.

ಮುಂದಿನ ನಾಲ್ಕು ಭಾಗ ಆ ಕಾಗದವೇ. ಇಲ್ಲಿಗೆ ಹಾಕೋವಾಗ ಹೆಸರುಗಳನ್ನಷ್ಟೇ ತೆಗೆದಿದೀನಿ.

ಭಾಗ 3 (ಕಾಗದ)

ಈ ಮೇಸ್ತ್ರಿಯವರನ್ನು ಕೆಲಸಕ್ಕೆ ಕರೆಯಲು ಯೋಚಿಸುತ್ತಿರುವವರಿಗೆ,

ನಮಸ್ಕಾರ. ಇವರು ನಮ್ಮ ಮನೆಯಲ್ಲಿ ಒಂದೇ ಒಂದು ಕೆಲಸ ಮಾಡಿದ್ದಾರೆ. ಸುಮಾರು 900 ಚದರಡಿ ತಾರಸಿಯ ಸೋರಿಕೆ ನಿಲ್ಲಿಸಿದ್ದು. ಅದರ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ಟೈಲ್ಸ್, ಬಣ್ಣ, ಹೊಸ ಮನೆ ಕಟ್ಟುವುದು, ಇದರಲ್ಲೆಲ್ಲ ಇವರು ಹೇಗೆ ಅಂತ ನನಗೆ ಗೊತ್ತಿಲ್ಲ.

ಇವರಿಗೆ ಮುಂಚೆ ಬಂದ ಇಬ್ಬರೂ ತಾರಸಿ ಮೇಲೆ ಹೋಗಿ ಒಂದು ಸುತ್ತು ಹಾಕಿ, ಕೆಳಗೆ ಇಳಿಯುವಷ್ಟರಲ್ಲಿ ಚದರಡಿಗೆ ಇಷ್ಟು ಅಂತ ರೇಟ್ ಹೇಳಿದ್ದರು. ಇವರು ಮೊದಲ ದಿನ ರೇಟ್ ಹೇಳಲಿಲ್ಲ. ಮೊದಲು ಅಮ್ಮನ ರೂಮಿನ ಫ್ಯಾನ್ ಲೈನಿನ ಎಂಸಿಬಿ ಆಫ್ ಮಾಡಿಸಿದರು. ನೀರು ಬರುವುದು ಫ್ಯಾನ್ ಬಾಕ್ಸಿನಿಂದ, ಸುತ್ತಮುತ್ತ ಸ್ಲ್ಯಾಬ್ ಒಣಗಿಯೇ ಇದೆ. ಅಂದಮೇಲೆ ಸ್ಲ್ಯಾಬ್ ಒಳಗಿರುವ ವೈರಿನ ಪೈಪ್ ಹಿಡಿದು ನೀರು ಬೇರೆ ಎಲ್ಲಿಂದಲೋ ನಡೆದು ಬರುತ್ತಿದೆ ಅಂದರು. ಇದನ್ನು ನಮಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಫ್ಯಾನಿನ ನೇರ ಮೇಲಿನ ಜಾಗವನ್ನೇ ನೋಡುತ್ತಿದ್ದರು.

ಆಮೇಲೆ ಸುತ್ತಿಗೆ ತಗೊಂಡು ತಾರಸಿ ಪೂರ್ತಿ ಬಡಿದು ನೋಡಿದರು. ಗಟ್ಟಿ ಇರುವ ಕಡೆ ಟಣ್ ಅನ್ನುತ್ತಿತ್ತು, ಹಳೇ ಗಾರೆ ಸ್ಲ್ಯಾಬ್ ಬಿಟ್ಟು ಎದ್ದಿರುವ ಕಡೆ ಡಬ್ ಡಬ್. ಡಬ್ ಅನ್ನುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮರುದಿನ ತಾರಸಿಯನ್ನು ಮಣ್ಣಿನ ಕಟ್ಟೆ ಕಟ್ಟಿ ನಾಲ್ಕು ಭಾಗ ಮಾಡಿ, ಒಂದೊಂದೇ ಭಾಗಕ್ಕೆ ನೀರು ನಿಲ್ಲಿಸಿದರು. ಶುರು ಮಾಡಿದ್ದು ತಗ್ಗಿನ ಕಡೆಯಿಂದ. ಎತ್ತರದ ಕಡೆಯಿಂದ ಶುರು ಮಾಡಿದರೆ ನೀರು ಹಳೇ ಗಾರೆಯ ಅಡಿಯಲ್ಲೇ ಕೆಳಗೆ ಹರಿದು ಬಂದು, ಎಲ್ಲಿ ತೂತು ಅಂತ ಗೊತ್ತಾಗುವುದಿಲ್ಲವಂತೆ.

ಮೊದಲನೇ ಭಾಗದಲ್ಲೇ ಸಿಕ್ಕಿತು. ಮಳೆನೀರಿನ ಪೈಪ್ ಇರುವ ಮೂಲೆಗೆ ನೀರು ನಿಲ್ಲಿಸಿ ಆರು ಗಂಟೆಗೆ ಫ್ಯಾನ್ ಬಾಕ್ಸಿನಲ್ಲಿ ಹನಿ ಬಿತ್ತು. ಆ ಮೂಲೆಗೂ ಫ್ಯಾನಿಗೂ ಎಂಟು ಅಡಿ ದೂರ. ಅಷ್ಟಕ್ಕೇ ನಿಲ್ಲಿಸದೆ ಉಳಿದ ಮೂರು ಭಾಗವನ್ನೂ ನೋಡಿದರು. ಇನ್ನೆಲ್ಲೂ ಹನಿ ಬೀಳಲಿಲ್ಲ. ಇದಕ್ಕೇ ಐದು ದಿನ ಹಿಡಿಯಿತು, ಅದರ ಕೂಲಿ ನಾನು ಕೊಟ್ಟೆ. ನಿಮ್ಮಲ್ಲೂ ಇವರು ದಿನ ಕೇಳುತ್ತಾರೆ. ಕೊಡಿ.

ಭಾಗ 4 (ಕಾಗದ)

ದುಡ್ಡಿನ ವಿಚಾರ. ಪರೀಕ್ಷೆ ಆದ ಮೇಲೆ ಇವರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಯಾವ ಕಡೆ ಹಳೇ ಗಾರೆ ಒಡೆಯಬೇಕು, ಎಲ್ಲಿ ಬೇಡ, ಸಾಮಾನು ಎಷ್ಟು, ಕೂಲಿ ಎಷ್ಟು. ಸಾಮಾನಿಗೆ ಅಡ್ವಾನ್ಸ್ ಕೇಳಲಿಲ್ಲ. "ಅಂಗಡಿಗೆ ನೀವೇ ಬನ್ನಿ, ನೀವೇ ಕೊಡಿ, ಬಿಲ್ ನಿಮ್ಮ ಹೆಸರಿಗೇ ಇರಲಿ" ಅಂದರು. ಕೂಲಿ ಪ್ರತಿ ಶನಿವಾರ, ಆ ವಾರ ಎಷ್ಟು ಜನ ಬಂದಿದ್ದಾರೋ ಅಷ್ಟಕ್ಕೆ.

ಅಂಗಡಿಯಲ್ಲಿ ಸಿಮೆಂಟ್ ಮೂಟೆಯ ಮೇಲೆ ತಯಾರಾದ ವಾರ, ವರ್ಷ ಓದಿ, ಹಳೆಯದು ಇದ್ದ ಎರಡು ಮೂಟೆ ವಾಪಸ್ ಇಳಿಸಿದರು. ಹಿಂದಿನವನು ಬಿಟ್ಟುಹೋದ ಎರಡು ಮೂಟೆ ನಮ್ಮ ಮೆಟ್ಟಿಲ ಕೆಳಗೇ ಇತ್ತಲ್ಲ, ಅದನ್ನು ಬಳಸಿ ಅಂದೆ. ಒಂದು ಮೂಟೆ ಬಿಚ್ಚಿ, ಒಳಗೆ ಕೈ ಹಾಕಿ, ಕಲ್ಲಾಗಿದ್ದ ಗಂಟು ತೋರಿಸಿದರು. "ಇದು ಗೇಟ್ ಹತ್ರ ಗುಂಡಿ ಮುಚ್ಚೋಕಾಯ್ತದೆ, ತಾರಸಿಗಲ್ಲ." ಕೆಲಸ ಮುಗಿದ ಮೇಲೆ ಮೂರು ಹೊಸ ಮೂಟೆ ಉಳಿಯಿತು. ಅದನ್ನು ಅಂಗಡಿಗೆ ವಾಪಸ್ ಹಾಕಿ ದುಡ್ಡು ಅಮ್ಮನ ಕೈಗೆ ಕೊಟ್ಟರು. ಆ ಚೀಟಿ ಈಗಲೂ ನನ್ನ ಲೆಕ್ಕದ ಪುಸ್ತಕದಲ್ಲಿದೆ.

ಒಂದು ತೊಂದರೆಯನ್ನೂ ಹೇಳಬೇಕು. ಇವರು ಕೆಲಸದ ಮೇಲಿದ್ದಾಗ ಫೋನ್ ಎತ್ತುವುದಿಲ್ಲ. ಬೆಂಗಳೂರಿನಲ್ಲಿ ಕೂತು ನಾನು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ, ಹಿಂದಿನವನ ನೆನಪಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಸಂಜೆ ಆರೂವರೆಗೆ ಅವರೇ ಮಾಡುತ್ತಿದ್ದರು. ಮೂರನೇ ವಾರ ನಾನು ಮಧ್ಯಾಹ್ನ ಫೋನ್ ಮಾಡುವುದನ್ನೇ ಬಿಟ್ಟೆ. ಇನ್ನೊಂದು, ಹನ್ನೆರಡು ದಿನ ಅಂದಿದ್ದ ರಿಪೇರಿ ಇಪ್ಪತ್ತೊಂದು ದಿನ ಆಯಿತು. ಅದರಲ್ಲಿ ಐದು ದಿನ ಇವರ ಜನ ಊರಹಬ್ಬಕ್ಕೆ ಹೋಗಿದ್ದು. ಉಳಿದ ನಾಲ್ಕು ದಿನ ಯಾಕೆ ಅಂತ ಮುಂದೆ ಬರೆಯುತ್ತೇನೆ. ಈ ಕಾಗದ ಬರೆಯುತ್ತಿರುವುದೇ ಆ ನಾಲ್ಕು ದಿನಕ್ಕಾಗಿ.

ಭಾಗ 5 (ಕಾಗದ)

ಡಬ್ ಅನ್ನುತ್ತಿದ್ದ ಹಳೇ ಗಾರೆ ಒಡೆದು ಸ್ಲ್ಯಾಬ್ ತೊಳೆದರು. ಬಿರುಕನ್ನು ಉಳಿಯಿಂದ ಅಗಲ ಮಾಡಿ ತುಂಬಿದರು. ಪೈಪಿನ ಬಾಯಿ ಸುತ್ತ ಬಿಡಿಸಿ ಹೊಸದಾಗಿ ಕೂರಿಸಿದರು. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯುದ್ದಕ್ಕೂ ಇಳಿಜಾರಾಗಿ ಗಾರೆ ತುಂಬಿದರು. ಅದರ ಮೇಲೆ ಪುಡಿಯೂ ದ್ರವವೂ ಕಲಸುವ ಸಿಮೆಂಟ್ ಕೋಟಿಂಗ್ ಎರಡು ಸಲ, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಡಬ್ಬದ ಮೇಲೆ ಬರೆದಷ್ಟು ದಿನ ಒಣಗಲು ಬಿಟ್ಟರು.

ಇದರ ಮೇಲೆ ಕೊನೆಗೆ ವಾಟದ ಗಾರೆ ಬರಬೇಕು, ಹತ್ತು ಅಡಿಗೆ ಹತ್ತಿರ ಹತ್ತಿರ ಒಂದೂಕಾಲು ಇಂಚು ಇಳಿಜಾರು. ಅದು ಬಂದಮೇಲೆ ಕೆಳಗಿನ ಕೋಟಿಂಗ್ ಯಾರ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಗಾರೆ ಹಾಕುವ ಮುಂಚೆ ಪೈಪ್ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಕಾಯಬೇಕು ಅಂದರು. ಪ್ಯಾರಾಪೆಟ್ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ನೀರಿನ ಮಟ್ಟ ಗುರುತು ಮಾಡಿದರು. ಆಮೇಲೆ ಅಮ್ಮನ ಹತ್ತಿರ ಒಂದು ಬಕೆಟ್ ಕೇಳಿ, ಅದಕ್ಕೂ ನೀರು ತುಂಬಿ, ಅದರಲ್ಲೂ ಗುರುತು ಮಾಡಿ, ತಾರಸಿ ಮೇಲೆ ಬಿಸಿಲಿಗೇ ಇಟ್ಟರು. ನನಗೆ ಯಾಕೆ ಅಂತ ಅರ್ಥ ಆಗಲಿಲ್ಲ.

ಅದು ಶನಿವಾರ, ನಾನು ಊರಿಗೆ ಬಂದಿದ್ದೆ. ಭಾನುವಾರ ಬೆಳಿಗ್ಗೆ ನೋಡಿದರೆ ಬಕೆಟ್ಟಿನ ನೀರು ಕಾಲು ಇಂಚು ಇಳಿದಿತ್ತು. ತಾರಸಿಯದು ಮುಕ್ಕಾಲು ಇಂಚು. ಕೆಳಗೆ ಅಮ್ಮನ ರೂಮಿನಲ್ಲಿ ಫ್ಯಾನ್ ಬಾಕ್ಸ್ ಒಣಗಿತ್ತು, ಒಂದು ಹನಿಯೂ ಇಲ್ಲ. ನಾನು ಹೇಳಿದೆ, "ಬಿಡಿ ಮೇಸ್ತ್ರಿ, ಬಿಸಿಲಿಗೆ ಆರಿರತ್ತೆ. ಕೆಳಗೆ ಸೋರ್ತಿಲ್ಲವಲ್ಲ, ಸೋಮವಾರ ಗಾರೆ ಹಾಕಿಬಿಡಿ."

ಇವರು ಒಪ್ಪಲಿಲ್ಲ. ತಾರಸಿ ಕಾದಿರುತ್ತದೆ, ಬಕೆಟ್ಟಿಗಿಂತ ಸ್ವಲ್ಪ ಜಾಸ್ತಿ ಆರಬಹುದು, ಆದರೆ ಮೂರು ಪಟ್ಟು ಆರುವುದಿಲ್ಲ ಅಂದರು. ಮೊದಲು ಪೈಪಿಗೆ ತುರುಕಿದ ಮುಚ್ಚಳದ ಮೇಲೆ ಅನುಮಾನ. ಪೈಪಿನ ಕೆಳಗಿನ ತುದಿಗೆ ಒಂದು ನ್ಯೂಸ್‌ಪೇಪರ್ ಕಟ್ಟಿ ಮೂರು ಗಂಟೆ ಬಿಟ್ಟರು. ಪೇಪರ್ ಒಣಗಿಯೇ ಇತ್ತು. ಅಂದರೆ ನೀರು ಪೈಪಿನೊಳಗೆ ಹೋಗುತ್ತಿಲ್ಲ, ಪೈಪಿನ ಹೊರಗಿನಿಂದ ಇಳಿಯುತ್ತಿದೆ. ನೀರು ಖಾಲಿ ಮಾಡಿಸಿ ಬಾಯಿಯ ಹತ್ತಿರ ಉಗುರಿನಿಂದ ಕೆರೆದರು. ಕೋಟಿಂಗ್ ಹಾಳೆಯ ಥರ ಎದ್ದು ಬಂತು. ಅಡಿಯಲ್ಲಿ ದೂಳಿತ್ತು. ಕೋಟಿಂಗನ್ನು ಪೈಪಿನ ಬಾಯಿಯ ಒಳಕ್ಕೂ ತಿರುಗಿಸಿ ಬಳಿಯಬೇಕಿತ್ತು, ಅಂಚಿಗೇ ನಿಲ್ಲಿಸಿದ್ದರು.

ಭಾಗ 6 (ಕಾಗದ)

ಆ ಮೂಲೆಯನ್ನು ಪೂರ್ತಿ ಒಡೆದರು. ತಾವೇ ಐದು ದಿನದ ಹಿಂದೆ ಮಾಡಿಸಿದ ಕೆಲಸ. ಬ್ರಷ್ಷಿನಿಂದ ಉಜ್ಜಿ, ತೊಳೆದು, ಬಲೆ ಬಟ್ಟೆ ಇಟ್ಟು, ಪೈಪಿನ ಬಾಯಿಯ ಒಳಗೆ ಕೈ ಹೋಗುವಷ್ಟು ದೂರ ಮತ್ತೆ ಬಳಿದರು. ಈ ಸಲ ಸಣ್ಣ ಜಾಗವಾದ್ದರಿಂದ ಹಗಲೆಲ್ಲ ಫ್ಯಾನ್ ಹಾಕಿ ಒಣಗಿಸಿ, ಮತ್ತೆ ನೀರು, ಮತ್ತೆ ಬಕೆಟ್. ಎರಡು ದಿನ ಎರಡೂ ಮಟ್ಟ ಹೆಚ್ಚುಕಡಿಮೆ ಜೊತೆಯಾಗಿಯೇ ಇಳಿಯಿತು. ಆಮೇಲೇ ಗಾರೆ. ಆ ನಾಲ್ಕು ದಿನದ ಕೂಲಿ ನನ್ನ ಪುಸ್ತಕದಲ್ಲಿ ಇಲ್ಲ. ಶನಿವಾರ ಕೊಡಲು ಹೋದಾಗ ಬೇಡ ಅಂದರು. ಗಾರೆಗೆ ಏಳು ದಿನ ಗೋಣಿಚೀಲ ಹಾಸಿ ನೀರು ಹೊಡೆದಿದ್ದು ಮಾತ್ರ ಅಮ್ಮ.

ನಾನು ಹೇಳಿದ ಹಾಗೆ ಸೋಮವಾರವೇ ಗಾರೆ ಹಾಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದ್ದೇನೆ. ಕೆಲಸ ಮುಗಿದ ಹಾಗೇ ಕಾಣುತ್ತಿತ್ತು. ಇವರಿಗೆ ದುಡ್ಡು ಸೇರುತ್ತಿತ್ತು. ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಫ್ಯಾನಿನಿಂದ ಹನಿ ಬೀಳುತ್ತಿತ್ತು. ಅಷ್ಟು ಹೊತ್ತಿಗೆ ತಪ್ಪು ಎಲ್ಲಿ ಅಂತ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ನಾನು ದಿನಾ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಫ್ಯಾನ್ ನೋಡು ಅನ್ನುತ್ತಿದ್ದೆ. ಒಣಗಿತ್ತು. 2023ರಲ್ಲಿ ಬರ, ಅದನ್ನು ಲೆಕ್ಕಕ್ಕೆ ತಗೋಬೇಡಿ. 2024ರಲ್ಲೂ ಒಣಗಿತ್ತು. ಅಂದರೆ ಸರಿಯಾದ ಮಳೆಗಾಲ ಎರಡನ್ನು ಈ ತಾರಸಿ ನೋಡಿದೆ. ಹತ್ತು ವರ್ಷ ತಡೆಯುತ್ತದೆ ಅಂತ ನಾನು ಬರೆಯುವುದಿಲ್ಲ, ಅವರೂ ಹೇಳಿಲ್ಲ. ಕಿಟಕಿಯ ಕೆಳಗೆ ಗೋಡೆಯಲ್ಲಿ ಈಗಲೂ ಸ್ವಲ್ಪ ತೇವ ಇದೆ. ಅದು ಹೊರಗೋಡೆಯ ಬಿರುಕಿನದು, ತಾರಸಿ ಕೆಲಸದಿಂದ ಹೋಗುವುದಿಲ್ಲ ಅಂತ ಮೊದಲ ವಾರವೇ ಹೇಳಿದ್ದರು. ಇನ್ನೂ ಮಾಡಿಸಿಲ್ಲ, ಅದು ನಮ್ಮ ಸೋಮಾರಿತನ.

ನಿಮ್ಮದು ದೊಡ್ಡ ತಾರಸಿ. ನಮ್ಮಲ್ಲಿ ಇವರ ಜೊತೆ ನಾಲ್ಕೇ ಜನ ಇದ್ದರು, ದಿನವಿಡೀ ಇವರೇ ನಿಂತು ನೋಡುತ್ತಿದ್ದರು. ನಿಮ್ಮಲ್ಲಿ ಎಷ್ಟು ಜನ ತರುತ್ತಾರೆ, ಇವರೇ ಪೂರ್ತಿ ಇರುತ್ತಾರಾ ಅಂತ ಕೇಳಿ. ನೀರು ನಿಲ್ಲಿಸುವ ದಿನಗಳನ್ನು ಮೊದಲೇ ಒಪ್ಪಂದದಲ್ಲಿ ಬರೆದುಕೊಳ್ಳಿ. ನನ್ನ ಥರ ಆತುರ ಮಾಡುವವರು ನಿಮ್ಮ ಕಮಿಟಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಬಂದು ನಮ್ಮ ತಾರಸಿ ನೋಡುವುದಾದರೆ ಅಮ್ಮ ಮನೆಯಲ್ಲೇ ಇರುತ್ತಾರೆ. ಮಳೆ ಬಂದ ಮಾರನೇ ದಿನ ಬನ್ನಿ.

ಇಂತಿ ನಮಸ್ಕಾರಗಳು.

ಭಾಗ 7

ಇಷ್ಟು ಬರೆದು ಅಮ್ಮನಿಗೆ ಮೊದಲು ಓದಿದೆ. ಅಮ್ಮನಿಗೆ ಒಂಚೂರೂ ಇಷ್ಟ ಆಗ್ಲಿಲ್ಲ. "ಪಾಪ, ಹೊಟ್ಟೆಪಾಡಿಗೆ ಕಾಗದ ಕೇಳಿದ್ರೆ ಆ ಮನುಷ್ಯನ ತಪ್ಪೆಲ್ಲ ಬರೆದಿದೀಯಲ್ಲೇ! ಕೋಟಿಂಗ್ ಎದ್ದು ಬಂತು ಅಂತ ಓದಿದ್ಮೇಲೆ ಯಾರು ಕರೀತಾರೆ?" ನನಗೂ ಕೈ ನಡುಗ್ತು. ನನ್ನ ಕಾಗದ ಚೆನ್ನಾಗಿ ಬರಲಿ ಅಂತ ಇನ್ನೊಬ್ಬರ ಕೆಲಸ ಹೋದ್ರೆ?

ಆ ಭಾಗ ಹೊಡೆದುಹಾಕಲಾ ಅಂತ ಮೇಸ್ತ್ರಿಯನ್ನೇ ಕೇಳೋಣ ಅಂತ ಕೊಟ್ಟೆ. ಕೊಟ್ಟಿದ್ದು ಇನ್ನೂ ಕರಡು. ಅದರಲ್ಲಿ "ಅಂಚಿಗೇ ನಿಲ್ಲಿಸಿದ್ದರು" ಅಂತ ಇರಲಿಲ್ಲ. "ಇವರ ಜೊತೆಗಿದ್ದ ಹೊಸ ಹುಡುಗ ದೂಳು ಒರೆಸದೆ ಬಳಿದಿದ್ದ" ಅಂತ ಇತ್ತು. ನಿಜವೂ ಅದೇ. ಆ ಹುಡುಗ ಬಂದು ಎರಡು ವಾರ ಆಗಿತ್ತು, ಪೈಪಿನ ಮೂಲೆ ಅವನು ಮಾಡಿದ್ದು, ಅವನೇ ನಮ್ಮ ಮುಂದೆ ಒಪ್ಪಿಕೊಂಡಿದ್ದ. ಮೇಸ್ತ್ರಿಯ ಮರ್ಯಾದೆ ಉಳಿಯಲಿ ಅಂತ ನಾನು ಹಂಗೆ ಬರೆದಿದ್ದೆ.

ಬಹಳ ಹೊತ್ತು ಓದಿದ್ರು. ಕಾಫಿ ಆರಿಹೋಯ್ತು.

"ತೆಗೀಬೇಡಿ ಅಕ್ಕ. ಇರ್ಲಿ. ನೋಡಿದೋರು ಕರೆದ್ರೆ ಕರೀಲಿ" ಅಂದ್ರು. ಆಮೇಲೆ ಹುಡುಗನ ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ಬ್ಯಾಡ. ಹೊಸಬನ್ನ ಆ ಮೂಲೇಲಿ ಬಿಟ್ಟು ಊಟಕ್ಕೆ ಹೋಗಿದ್ದು ನಾನು. ಅವನೀಗ ನನ್ ಜೊತೇಲೇ ಅವ್ನೆ, ಆ ಅಪಾರ್ಟ್‌ಮೆಂಟಿಗೂ ಬರ್ತಾನೆ. ಅವರು ಓದ್ಬುಟ್ಟು ಅವನ್ ಮುಖ ನೋಡದು ಬ್ಯಾಡ. ಮೇಸ್ತ್ರಿ ಮಾಡಿದ್ದು ಅಂತಲೇ ಬರೀರಿ" ಅಂದ್ರು.

ಇಲ್ಲಿ ನಾನು ಸ್ವಲ್ಪ ವಾದ ಮಾಡ್ದೆ. ನಡೆದಿದ್ದನ್ನೇ ಬರೀಬೇಕು ಅಂತ ಹೊರಟವಳು ನಾನು, ಈಗ ಅವರು ಮಾಡದೇ ಇದ್ದದ್ದನ್ನ ಅವರ ತಲೆಗೆ ಹೇಗೆ ಕಟ್ಟಲಿ? ಕೊನೆಗೆ ಯಾರು ಬಳಿದರು ಅನ್ನೋದನ್ನೇ ಬಿಟ್ಟು, "ಅಂಚಿಗೇ ನಿಲ್ಲಿಸಿದ್ದರು" ಅಂತ ಹಾಕ್ದೆ. ಇಬ್ಬರಿಗೂ ಪೂರ್ತಿ ಸಮಾಧಾನ ಇಲ್ಲ, ಇಬ್ಬರೂ ಒಪ್ಪಿದ್ವಿ. ಈಗ ಇಲ್ಲಿ ಅದನ್ನೂ ಬರೆದುಬಿಟ್ಟೆನಲ್ಲ ಅಂತ ನೀವು ಕೇಳಬಹುದು. ಪೋಸ್ಟ್ ಹಾಕೋ ಮುಂಚೆ ಅವರಿಗೂ ಆ ಹುಡುಗನಿಗೂ ಫೋನಲ್ಲಿ ಪೂರ್ತಿ ಓದಿ ಹೇಳಿದೀನಿ. ಹುಡುಗ ನಗ್ತಾ ಇದ್ದ. "ಹೆಸರಿಲ್ವಲ್ಲ, ಹಾಕಿ ಅಕ್ಕ. ಈಗ ಪೈಪಿನ ಮೂಲೆ ಎಲ್ಲಾ ನಾನೇ ಮಾಡದು" ಅಂದ.

ಭಾಗ 8

ಎರಡನೇ ಫೋಟೋ ಬಕೆಟ್ಟಿಂದು. ನೀಲಿ, ಹಿಡಿ ಮುರಿದಿದೆ. ಒಳಗೆ ನೋಡಿದ್ರೆ ಪೆನ್ಸಿಲ್ ಗುರುತು ಇಲ್ಲ, ಅಳಿಸಿಹೋಗಿದೆ. ಪ್ಯಾರಾಪೆಟ್ ಮೇಲಿನ ಗುರುತು ಮಾತ್ರ ಗಾರೆಗಿಂತ ಸ್ವಲ್ಪ ಮೇಲೆ ಹಂಗೇ ಇದೆ, ಮೂರನೇ ಫೋಟೋ.

ಗುರುವಾರ ಅಮ್ಮ ಫೋನ್ ಮಾಡಿದ್ರು. ಆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಮನೆ ನಂಬರಿಗೆ ಕರೆ ಮಾಡಿದ್ರಂತೆ. ಒಳ್ಳೆಯವರಾ, ನಂಬಬಹುದಾ ಅಂತೆಲ್ಲ ಕೇಳ್ತಾರೆ ಅಂತ ಅಮ್ಮ ಉತ್ತರ ರೆಡಿ ಮಾಡ್ಕೊಂಡಿದ್ರು. ಅವರು ಕೇಳಿದ್ದು ಒಂದೇ. "ಅಮ್ಮಾ, ಆ ಬಕೆಟ್ ಯಾಕೆ ಇಟ್ಟಿದ್ದು ಅಂತ ಸ್ವಲ್ಪ ಸರಿಯಾಗಿ ಹೇಳ್ತೀರಾ?"

ಅಮ್ಮ ಇಪ್ಪತ್ತು ನಿಮಿಷ ಹೇಳಿದ್ದಾರೆ. ಕೆಲಸ ಸಿಕ್ತಾ ಇಲ್ವಾ ಇನ್ನೂ ಗೊತ್ತಿಲ್ಲ. ಈ ಭಾನುವಾರ ಕಮಿಟಿಯವರು ಇಬ್ಬರು ತಾರಸಿ ನೋಡೋಕೆ ಬರ್ತಾರಂತೆ. ಶನಿವಾರ ರಾತ್ರಿ ಮಳೆ ಬರಲಿ ಅಂತ ಅಮ್ಮ ಕಾಯ್ತಾ ಇದ್ದಾರೆ.